ತಂಡದ ಮೂವರಿಗೆ ಕೆಲಸ ಹೋಗುವ ಸುದ್ದಿಯನ್ನು ನಾನೇ ಹೇಳಬೇಕಾಗಿದೆ

ಪ್ರಶ್ನೆ (ಸಾಫ್ಟ್‌ವೇರ್ ತಂಡದ ಮ್ಯಾನೇಜರ್, ಬೆಂಗಳೂರು):
ನನ್ನ ಹನ್ನೆರಡು ಜನರ ತಂಡದಲ್ಲಿ ಮೂವರನ್ನು ಲೇಆಫ್ ಮಾಡಲು ಕಂಪನಿ ತೀರ್ಮಾನಿಸಿದೆ, ಇನ್ನು ಎರಡು ವಾರಗಳಲ್ಲಿ ಅವರಿಗೆ ತಿಳಿಸಬೇಕು. ಒಬ್ಬರು ಹುಬ್ಬಳ್ಳಿಯ ಮನೆಯಿಂದ ಕೆಲಸ ಮಾಡುತ್ತಾರೆ. ಇನ್ನೊಬ್ಬರು ಮುಂದಿನ ವಾರ ಫ್ಲ್ಯಾಟಿನ ಗೃಹಸಾಲಕ್ಕೆ ಸಹಿ ಹಾಕುವವರಿದ್ದು, ನನ್ನ ಅಭಿಪ್ರಾಯ ಕೇಳಿದ್ದಾರೆ. ಎಚ್‌ಆರ್‌ನವರು ಒಂದು ಪುಟದ ಒಕ್ಕಣೆ ಕೊಟ್ಟಿದ್ದಾರೆ. ಅದನ್ನು ಓದಿ ಹೇಳಿದರೆ ಸಾಕೇ? ನನ್ನ ಕಡೆಯಿಂದ ಏನೇನು ಸಿದ್ಧವಿರಬೇಕು?

ಉತ್ತರ (ಪೀಣ್ಯದ ಕಾರ್ಖಾನೆಯೊಂದರ ನಿವೃತ್ತ ಸಿಬ್ಬಂದಿ ಅಧಿಕಾರಿ):
ಲೇ-ಆಫ್ ಎಂದರೆ ಅಷ್ಟು ಹೆದರಬೇಕಾಗಿಲ್ಲ. ಹಾಜರಿ ಪಟ್ಟಿಯಲ್ಲಿ ಹೆಸರು ಉಳಿದೇ ಇರುತ್ತದೆ, ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟನ್ನು ಪರಿಹಾರವಾಗಿ ಕೊಡಬೇಕು, ಕೆಲಸ ಬಂದಾಗ ಮತ್ತೆ ಕರೆಯಬೇಕು. ನಮ್ಮಲ್ಲಿ ಕಚ್ಚಾ ಸಾಮಗ್ರಿ ಬಾರದಿದ್ದಾಗ ಹೀಗೆಯೇ ಮಾಡುತ್ತಿದ್ದೆವು.

ಉತ್ತರ (ಮಾನವ ಸಂಪನ್ಮೂಲ ಸಲಹೆಗಾರ್ತಿ):
ಹಿರಿಯರು ಹೇಳಿದ್ದು ಕಾನೂನಿನ ಅರ್ಥದಲ್ಲಿ ಸರಿ, ಆದರೆ ಪ್ರಶ್ನೆಯಲ್ಲಿರುವುದು ಅದಲ್ಲ. ಐಟಿಯವರು ಲೇಆಫ್ ಎನ್ನುವುದನ್ನು ಕಾನೂನು ರಿಟ್ರೆಂಚ್‌ಮೆಂಟ್ ಎನ್ನುತ್ತದೆ, ಅಂದರೆ ಮತ್ತೆ ಕರೆಯುವ ಮಾತಿಲ್ಲದೆ ಕೆಲಸ ಮುಗಿಯುವುದು. ಈ ಗೊಂದಲ ನಿಮ್ಮ ಮಾತಿನಲ್ಲೂ ನುಸುಳಬಾರದು. "ಸದ್ಯಕ್ಕೆ" ಎಂಬ ಒಂದು ಪದ ಬಾಯಿತಪ್ಪಿ ಬಂದರೂ ಎದುರಿನವರು ತಿಂಗಳುಗಟ್ಟಲೆ ಕರೆ ಬರುವುದನ್ನೇ ಕಾಯುತ್ತಾರೆ.

ಒಕ್ಕಣೆಯನ್ನು ಓದಬೇಡಿ, ಆದರೆ ಅದರಲ್ಲಿರುವ ದಿನಾಂಕ ಮತ್ತು ಮೊತ್ತಗಳನ್ನು ಬದಲಿಸಲೂ ಬೇಡಿ. ಕುಳಿತ ಒಂದು ನಿಮಿಷದೊಳಗೆ ವಿಷಯ ಹೇಳಿಬಿಡಿ: "ಕೆಟ್ಟ ಸುದ್ದಿ ಹೇಳಬೇಕಾಗಿದೆ. ಕಂಪನಿ ನಿಮ್ಮ ಹುದ್ದೆಯನ್ನು ತೆಗೆದುಹಾಕಿದೆ, ಇಂಥ ತಾರೀಕು ನಿಮ್ಮ ಕೊನೆಯ ದಿನ. ಇದು ಅಂತಿಮ ತೀರ್ಮಾನ." ಊಟ ಆಯಿತೇ ಎಂದು ಮಾತು ಆರಂಭಿಸುವ ನಮ್ಮ ಅಭ್ಯಾಸ ಇಲ್ಲಿ ಕ್ರೂರವೆನಿಸುತ್ತದೆ, ಏಕೆಂದರೆ ಆ ಕುಶಲೋಪರಿಯನ್ನು ಅವರು ಆಮೇಲೆ ಬಹಳ ಕಾಲ ನೆನೆಯುತ್ತಾರೆ. ಹೇಳಿದ ಮೇಲೆ ಸುಮ್ಮನಿರಿ. ಆ ಮೌನವನ್ನು ತುಂಬಲು ಹೊರಟಾಗಲೇ ಮ್ಯಾನೇಜರುಗಳು "ನಾನು ನಿಮ್ಮ ಪರವಾಗಿ ಹೋರಾಡಿದೆ", "ನನಗೂ ರಾತ್ರಿ ನಿದ್ದೆ ಬರಲಿಲ್ಲ" ಎಂದೆಲ್ಲ ಹೇಳಿ, ಕೆಲಸ ಕಳೆದುಕೊಂಡವರಿಂದಲೇ ಸಮಾಧಾನ ಪಡೆಯುವ ಸ್ಥಿತಿಗೆ ಬರುತ್ತಾರೆ. "ನಾನೇ ಏಕೆ?" ಎಂದು ಕೇಳಿದರೆ, ಆಯ್ಕೆಗೆ ಕಂಪನಿ ಬಳಸಿದ ನಿಜವಾದ ಮಾನದಂಡವನ್ನು ಮಾತ್ರ ಹೇಳಿ, ಮತ್ತೊಬ್ಬ ಸಹೋದ್ಯೋಗಿಯ ಹೆಸರನ್ನು ಎಳೆಯಬೇಡಿ. ಆ ಮಾನದಂಡ ನಿಮಗೇ ಗೊತ್ತಿಲ್ಲದಿದ್ದರೆ ಎರಡು ವಾರಗಳಲ್ಲಿ ನೀವು ಮೊದಲು ಕೇಳಿ ಪಡೆಯಬೇಕಾದದ್ದು ಅದನ್ನೇ.

ಶುಕ್ರವಾರ ಸಂಜೆ ಬೇಡ. ಮಂಗಳವಾರ ಬೆಳಿಗ್ಗೆ ಹೇಳಿದರೆ ಮರುದಿನ ಎಚ್‌ಆರ್, ಬ್ಯಾಂಕ್, ವೈದ್ಯರು ಎಲ್ಲರೂ ಸಿಗುತ್ತಾರೆ. ಇಡೀ ಮಹಡಿಗೆ ಕಾಣುವ ಗಾಜಿನ ಕೋಣೆಯೂ ಬೇಡ. ಹುಬ್ಬಳ್ಳಿಯವರಿಗೆ ಅದೇ ಬೆಳಿಗ್ಗೆ ವಿಡಿಯೋ ಕರೆ ಮಾಡಿ, ಪತ್ರವನ್ನು ಮಾತು ಮುಗಿದ ಮೇಲೆ ಅವರ ವೈಯಕ್ತಿಕ ಇಮೇಲಿಗೆ ಕಳುಹಿಸಿ.

ಉತ್ತರ (ಸ್ಟಾರ್ಟಪ್ ಒಂದರ ಸಹಸ್ಥಾಪಕ):
ರಾಜೀನಾಮೆ ಬರೆಸಿಕೊಳ್ಳುವುದೇ ಅವರಿಗೆ ಗೌರವ. ದಾಖಲೆ ಶುದ್ಧವಾಗಿರುತ್ತದೆ, ಮುಂದಿನ ಕೆಲಸಕ್ಕೆ ತೊಂದರೆಯಾಗುವುದಿಲ್ಲ. ಹೇಗಿದ್ದರೂ ಐಟಿಯವರಿಗೆ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ.

ಉತ್ತರ (ಮಾನವ ಸಂಪನ್ಮೂಲ ಸಲಹೆಗಾರ್ತಿ):
ಮುಂದಿನ ಕಂಪನಿಗಳು ವಿಚಾರಿಸುತ್ತವೆ ಎನ್ನುವುದು ನಿಜ. ಆದರೆ ಅದಕ್ಕೆ ಪರಿಹಾರ ಅನುಭವ ಪತ್ರದಲ್ಲಿದೆ. "ಹುದ್ದೆ ರದ್ದಾದ ಕಾರಣ" ಎಂದು ಬರೆದು, ಹಿನ್ನೆಲೆ ಪರಿಶೀಲನೆಗೆ ಕರೆ ಬಂದರೆ ಎಚ್‌ಆರ್ ಕೊಡುವ ಉತ್ತರವೂ ಅದೇ ಆಗಿರುತ್ತದೆ ಎಂದು ಲಿಖಿತವಾಗಿ ತಿಳಿಸಿದರೆ ಸಾಕು. ಒತ್ತಾಯದಿಂದ ರಾಜೀನಾಮೆ ಬರೆಸಿಕೊಂಡರೆ ರಿಟ್ರೆಂಚ್‌ಮೆಂಟ್ ಪರಿಹಾರವನ್ನು ಕೇಳುವ ದಾರಿಯೇ ಅವರಿಗೆ ಕಷ್ಟವಾಗುತ್ತದೆ.

ಕಾನೂನು ಅನ್ವಯಿಸುವುದಿಲ್ಲ ಎಂಬುದೂ ಪೂರ್ಣ ಸರಿಯಲ್ಲ. ಕಾರ್ಮಿಕ ಎಂದು ನಿರ್ಧರಿಸುವಾಗ ಮುಖ್ಯವಾಗಿ ನೋಡುವುದು ಪದನಾಮವನ್ನಲ್ಲ, ಮಾಡುವ ಕೆಲಸದ ಸ್ವರೂಪವನ್ನು. ಕೋಡ್ ಬರೆಯುವವರ ವಿಷಯದಲ್ಲಿ ಇದು ಇಂದಿಗೂ ಪ್ರಕರಣದಿಂದ ಪ್ರಕರಣಕ್ಕೆ ವಾದಕ್ಕೆ ಬರುವ ಸಂಗತಿ, ಆದ್ದರಿಂದ ವಕೀಲರನ್ನು ಕೇಳದೆ ಯಾವ ಕಡೆಗೂ ಖಚಿತವಾಗಿ ಹೇಳಬೇಡಿ. ಅವರು ಕಾರ್ಮಿಕರೆಂದಾದರೆ, ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದಕ್ಕೆ ಬದಲಾಗಿ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನ ಸಲ್ಲಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ವೇತನ ಸಂಹಿತೆಯ ಪ್ರಕಾರ ಕೆಲಸ ಮುಗಿದ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೈಸೇರಬೇಕು. "ಫೈನಲ್ ಸೆಟಲ್‌ಮೆಂಟ್‌ಗೆ 45 ದಿನ" ಎಂಬ ಹಳೆಯ ಸಾಲು ನಿಮ್ಮ ಪತ್ರದಲ್ಲಿದ್ದರೆ ಪ್ರಶ್ನಿಸಿ.

ಪರಿಹಾರ, ಗ್ರಾಚ್ಯುಟಿ ಎಲ್ಲದರ ಮೊತ್ತವನ್ನೂ ಪತ್ರದಲ್ಲಿ ರೂಪಾಯಿಯಲ್ಲೇ ಬರೆಸಿ. ಉದಾಹರಣೆಗೆ ಒಬ್ಬರದು 6 ವರ್ಷ 7 ತಿಂಗಳ ಸೇವೆ, ಗ್ರಾಚ್ಯುಟಿಗೆ ಲೆಕ್ಕವಾಗುವ ವೇತನ ತಿಂಗಳಿಗೆ 60,000 ರೂಪಾಯಿ ಎನ್ನಿ. ಆರು ತಿಂಗಳು ಮೀರಿದ್ದರಿಂದ ಏಳು ವರ್ಷವೆಂದು ಹಿಡಿದು, 60,000ವನ್ನು 26ರಿಂದ ಭಾಗಿಸಿ, 15ರಿಂದ ಮತ್ತು 7ರಿಂದ ಗುಣಿಸಿದರೆ ಸುಮಾರು 2,42,300 ರೂಪಾಯಿ. "ನಿಯಮಾನುಸಾರ ಗ್ರಾಚ್ಯುಟಿ" ಎಂದು ಬರೆದರೆ ಅವರು ಮನೆಗೆ ಹೋಗಿ ಹೆಂಡತಿಗೋ ಗಂಡನಿಗೋ ಏನೆಂದು ಹೇಳಬೇಕು?

ಪ್ರತಿಕ್ರಿಯೆ (ಕಳೆದ ವರ್ಷ ಕೆಲಸ ಕಳೆದುಕೊಂಡ ಪರೀಕ್ಷಾ ಎಂಜಿನಿಯರ್):
ನನ್ನ ಲ್ಯಾಪ್‌ಟಾಪ್ ಬೆಳಿಗ್ಗೆ ಎಂಟಕ್ಕೇ ಲಾಕ್ ಆಗಿತ್ತು, ಕರೆ ಬಂದದ್ದು ಹತ್ತೂವರೆಗೆ. ಎರಡೂವರೆ ಗಂಟೆ ನಾನು ಐಟಿ ಸಹಾಯವಾಣಿಗೆ ಫೋನ್ ಮಾಡುತ್ತಲೇ ಇದ್ದೆ, ಆ ಹುಡುಗನಿಗೆ ವಿಷಯ ಗೊತ್ತಿತ್ತು. ಸಂಬಳದ ಚೀಟಿಗಳೆಲ್ಲ ಒಳಗೇ ಉಳಿದವು. ತಾಯಿಯ ಡಯಾಲಿಸಿಸ್ ಕಂಪನಿಯ ವಿಮೆಯಲ್ಲಿ ನಡೆಯುತ್ತಿತ್ತು, ಅದು ಯಾವ ದಿನ ನಿಲ್ಲುತ್ತದೆ ಎಂದು ಹೇಳುವವರೇ ಇರಲಿಲ್ಲ.

ಉತ್ತರ (ಮಾನವ ಸಂಪನ್ಮೂಲ ಸಲಹೆಗಾರ್ತಿ):
ಪ್ರಶ್ನೆ ಕೇಳಿದವರು ಈ ಮಾತನ್ನು ಹಾಗೆಯೇ ಬರೆದಿಟ್ಟುಕೊಳ್ಳಲಿ. ಲಾಕ್ ಮಾಡುವ ಹೊತ್ತನ್ನು ಐಟಿ ವಿಭಾಗ ಗಡಿಯಾರ ನೋಡಿ ನಿರ್ಧರಿಸಬಾರದು, ಮಾತು ಮುಗಿಯಿತೆಂದು ನೀವು ಸಂದೇಶ ಕಳುಹಿಸಿದ ಮೇಲೆ ಆಗಬೇಕು. ಸಂಬಳದ ಚೀಟಿಗಳನ್ನು ಮೊದಲೇ ತೆಗೆದಿಟ್ಟು ಪತ್ರದ ಜೊತೆ ಕೊಡಿ. ವಿಮೆ ನಿಲ್ಲುವ ದಿನಾಂಕ ಪತ್ರದಲ್ಲಿರಲಿ, ಮನೆಯವರಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದೆಯೇ ಎಂದು ಕೇಳಿ, ವಿಸ್ತರಣೆಗೆ ಆ ವಾರವೇ ಎಚ್‌ಆರ್ ಜೊತೆ ಮಾತಾಡಿ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶವಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ, ಆದರೆ ಗುಂಪು ವಿಮೆ ಮುಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಪ್ರತಿಕ್ರಿಯೆ (ಟೆಕ್ಸಸ್‌ನಲ್ಲಿರುವ ಕನ್ನಡಿಗ):
ನಿಮ್ಮ ತಂಡದವರು ಯಾರಾದರೂ ಇಲ್ಲಿ ಎಚ್-1ಬಿ ವೀಸಾದಲ್ಲಿದ್ದರೆ ಕೊನೆಯ ದಿನವನ್ನು ಯೋಚಿಸಿ ಗೊತ್ತುಮಾಡಿ. ಉದ್ಯೋಗ ಮುಗಿದ ಮೇಲೆ ಇಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ನನ್ನ ಮ್ಯಾನೇಜರ್ ನೋಟಿಸ್ ಅವಧಿಯಲ್ಲಿ ನನ್ನನ್ನು ಸಂಬಳದ ಪಟ್ಟಿಯಲ್ಲೇ ಉಳಿಸಿದ್ದರಿಂದ ಎಣಿಕೆ ಒಂದು ತಿಂಗಳು ತಡವಾಗಿ ಆರಂಭವಾಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು, ಅಮೆರಿಕದಲ್ಲಿ ನಮ್ಮವರು ಯಾರೂ ಇಲ್ಲ. ಗೃಹಸಾಲದ ವಿಷಯಕ್ಕೆ ಯಾರೂ ಬರಲಿಲ್ಲ. ಗೋಪ್ಯತೆಯ ಪತ್ರಕ್ಕೆ ನಾನು ಸಹಿ ಹಾಕಿದ್ದೇನೆ.

ಉತ್ತರ (ಮಾನವ ಸಂಪನ್ಮೂಲ ಸಲಹೆಗಾರ್ತಿ):
ಬೇಕೆಂದೇ ಕೊನೆಗೆ ಇಟ್ಟಿದ್ದೆ, ಏಕೆಂದರೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಇಂದೇ ನಿಮ್ಮ ಎಚ್‌ಆರ್ ಮುಖ್ಯಸ್ಥರಿಗೆ ಹೇಳಿ, ಆ ಒಬ್ಬರಿಗಾದರೂ ಸಹಿಗೆ ಮೊದಲು ತಿಳಿಸುವಂತೆ ದಿನಾಂಕವನ್ನು ಬೇಗನೆ ಇಡಲು ಕೇಳಿ. ಕಾರಣ ಕೇಳಿದ ಮೇಲೆ ಹೀಗೆ ಒಪ್ಪಿದ ಸಂಸ್ಥೆಗಳನ್ನು ನಾನು ಕಂಡಿದ್ದೇನೆ. ಒಪ್ಪದಿದ್ದರೆ, "ಧೈರ್ಯವಾಗಿ ತೆಗೆದುಕೊಳ್ಳಿ" ಎಂದಂತೂ ಹೇಳಬೇಡಿ. "ಇಂಥ ವಿಷಯದಲ್ಲಿ ನನ್ನ ಸಲಹೆ ಸರಿಯಲ್ಲ, ಕೆಲಸ ಹೋದರೂ ಆರು ತಿಂಗಳು ಕಂತು ಕಟ್ಟಬಲ್ಲಿರಾ ಎಂದು ನೀವೇ ನೋಡಿ" ಎನ್ನಬಹುದು.

ಪ್ರತಿಕ್ರಿಯೆ (ಕಳೆದ ವರ್ಷ ಕೆಲಸ ಕಳೆದುಕೊಂಡ ಪರೀಕ್ಷಾ ಎಂಜಿನಿಯರ್):
ಮೇಡಂ, ಆ ಮಾತು ನನಗೆ ಯಾರಾದರೂ ಹೇಳಿದ್ದರೂ ಆಗ ಅರ್ಥವಾಗುತ್ತಿರಲಿಲ್ಲ. ಅವರು ನನ್ನ ಮ್ಯಾನೇಜರ್ ಆಗಿದ್ದರೆ, ಸಹಿ ಹಾಕಿದ ಪತ್ರವನ್ನು ಮೀರಿ ಹೇಳಲಿ ಎಂದೇ ನಾನು ಬಯಸುತ್ತಿದ್ದೆ.

ಪ್ರಶ್ನೆ ಕೇಳಿದವರು:
ಎಚ್‌ಆರ್ ಮುಖ್ಯಸ್ಥರ ಜೊತೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸಮಯ ಸಿಕ್ಕಿದೆ.