ಟರ್ನಿಂಗ್ ಸ್ಕ್ರ್ಯಾಪ್ ದುಡ್ಡು ಇತರೆ ಆದಾಯಕ್ಕೆ ಹಾಕೋದಾ, ಪೀಸ್ ಕಾಸ್ಟಲ್ಲಿ ಕಳೆಯೋದಾ? ಲಾಭ ಜಾಸ್ತಿ ತೋರಿಸ್ತಿದೆ

ಪೀಣ್ಯ_ಲೆಡ್ಜರ್: ನಮ್ದು ಸಣ್ಣ ಸಿಎನ್‌ಸಿ ಶಾಪ್, ಪಾರ್ಟ್ನರ್‌ಶಿಪ್ ಫರ್ಮ್. EN8 ಬಾರ್ ತಂದು ಪಿನ್ ಮಾಡ್ತೀವಿ. ಟರ್ನಿಂಗ್ ಚೂರನ್ನ ಗುಜರಿಯವ್ರು ತೂಕ ಹಾಕಿಸ್ಕೊಂಡು ಹೋಗ್ತಾರೆ, ಆ ದುಡ್ಡು ಮೊದ್ಲಿಂದ್ಲೂ `Indirect Incomes` ಕೆಳಗಿನ ಒಂದು ಲೆಡ್ಜರ್‌ಗೆ ಹೋಗ್ತಿತ್ತು. ಈ ವರ್ಷ ಟ್ಯಾಲಿಲಿ Manufacturing Journal ಶುರು ಮಾಡಿದ್ವಿ, ಅದ್ರಲ್ಲಿ ಸ್ಕ್ರ್ಯಾಪ್‌ಗೂ ಜಾಗ ಇದೆ ಅಂತ ತೂಕ, ರೇಟು ಎಲ್ಲಾ ತುಂಬ್ತಾ ಬಂದ್ವಿ. ಈಗ ನೋಡಿದ್ರೆ ಲಾಭ ಯಾಕೋ ಜಾಸ್ತಿ, ಸ್ಟಾಕಲ್ಲಿ ಟರ್ನಿಂಗ್ ಟನ್‌ಗಟ್ಲೆ ತೋರಿಸ್ತಿದೆ, ಯಾರ್ಡಲ್ಲಿ ಇರೋದು ಒಂದೇ ಡ್ರಮ್ಮು. ಯಾವ್ದು ತಪ್ಪು?

ಗೋವಿಂದ_ಅಕೌಂಟ್ಸ್: ಸ್ಕ್ರ್ಯಾಪ್ ಅಂದ್ರೆ ಇತರೆ ಆದಾಯನೇ ಸಾರ್, ಅಷ್ಟೊಂದು ತಲೆ ಕೆಡಿಸ್ಕೋಬೇಡಿ. ಕಾಸ್ಟಲ್ಲಿ ಕಳೆದ್ರೂ ಅಷ್ಟೇ, ಆದಾಯಕ್ಕೆ ಹಾಕಿದ್ರೂ ಅಷ್ಟೇ, ಕೊನೆಗೆ ನೆಟ್ ಪ್ರಾಫಿಟ್ ಒಂದೇ ಬರುತ್ತೆ.

ಕಾಸ್ಟ್‌ಶೀಟ್: ಮಾಡಿದ್ದೆಲ್ಲಾ ಆ ವರ್ಷವೇ ಮಾರಿದ್ರೆ ಗೋವಿಂದ ಅವ್ರು ಹೇಳಿದ್ದು ಸರಿ. ಪಿನ್ ಉಳಿದ್ರೆ ಸರಿ ಅಲ್ಲ. ಲೆಕ್ಕಕ್ಕೆ ಅಂತ 1,000 ಕೆಜಿ ಬಾರ್ 70 ರೂಪಾಯಿ ಲೆಕ್ಕದಲ್ಲಿ 70,000, ಮೆಷಿನಿಂಗ್ ಖರ್ಚು 30,000, ಅದ್ರಲ್ಲಿ 1,000 ಪಿನ್ನು, 300 ಕೆಜಿ ಟರ್ನಿಂಗ್ ಬಂತು ಅಂದ್ಕೊಳ್ಳಿ. ಟರ್ನಿಂಗ್ ಕೆಜಿಗೆ 25 ಅಂದ್ರೆ 7,500. ಇತರೆ ಆದಾಯಕ್ಕೆ ಹಾಕಿದ್ರೆ ಪಿನ್ ಕಾಸ್ಟ್ 100, ಕಳೆದ್ರೆ 92.50. ವರ್ಷದ ಕೊನೇಲಿ 200 ಪಿನ್ ಉಳಿದ್ರೆ ಸ್ಟಾಕು ಒಂದ್ಕಡೆ 20,000, ಇನ್ನೊಂದ್ಕಡೆ 18,500. ಆ 1,500 ನೇರ ಲಾಭದಲ್ಲೇ ವ್ಯತ್ಯಾಸ.

ಆದ್ರೆ ನಿಮ್ಮ ತೊಂದ್ರೆ ಇದಲ್ಲ. ಜರ್ನಲ್ ಹಾಕ್ದಾಗ್ಲೇ 7,500 ಪಿನ್ ಕಾಸ್ಟಿಂದ ಕಳೆದು ಟರ್ನಿಂಗ್ ಸ್ಟಾಕಿಗೆ ಹೋಗಿರುತ್ತೆ. ಗುಜರಿಗೆ ಕೊಟ್ಟಾಗ ಬಿಲ್ಲಲ್ಲಿ ಐಟಂ ಆರಿಸ್ದೆ ಬರೀ ಲೆಡ್ಜರ್ ಹಾಕಿದ್ರೆ ಸ್ಟಾಕು ಇಳಿಯಲ್ಲ, ಆ ದುಡ್ಡು ಮತ್ತೆ ಆದಾಯ ಅಂತಾನೂ ಬರುತ್ತೆ. ಹಂಗಾಗಿ ಒಂದೇ 7,500 ಎರಡು ಸಲ ಲಾಭಕ್ಕೆ ಬಂತು. ಒಂದು ಸ್ಕ್ರ್ಯಾಪ್ ಬಿಲ್ ತೆಗೆದು ನೋಡಿ, ಕ್ವಾಂಟಿಟಿ ಇದ್ಯಾ?

ಪೀಣ್ಯ_ಲೆಡ್ಜರ್: ಇಲ್ಲ ಸಾರ್. ಅಮೌಂಟು, ಜಿಎಸ್‌ಟಿ ಅಷ್ಟೇ ಇದೆ.

ಚಳ್ಳಕೆರೆ_ಮಿಲ್: ನಮ್ದು ಶೇಂಗಾ ಎಣ್ಣೆ ಮಿಲ್ಲು, ನಾವೂ ಹಿಂಡಿ ಮಾರಿದ್ದನ್ನ ಹಿಂಗೇ ಕಾಸ್ಟಲ್ಲಿ ಕಳೀತೀವಿ, ಆಡಿಟರ್ ಈ ಸಲ ಒಪ್ತಿಲ್ಲ.

ಕಾಸ್ಟ್‌ಶೀಟ್: ನಿಮ್ದು ಬೇರೆ ಕಥೆ. ಎಎಸ್ 2 ಪ್ರಕಾರ ಮಾರಿದ್ರೆ ಕೈಗೆ ಬರೋ ಬೆಲೆನ ಕಾಸ್ಟಲ್ಲಿ ಕಳೆಯೋದು ಉಪ ಉತ್ಪನ್ನದ ಮೊತ್ತ ಸಣ್ಣದಿದ್ದಾಗ. ಹಿಂಡಿ ತೂಕ ಎಣ್ಣೆಗಿಂತ ಜಾಸ್ತಿ ಬರುತ್ತೆ, ದುಡ್ಡೂ ಕಮ್ಮಿ ಏನಲ್ಲ. ಅಲ್ಲಿ ಕಾಳಿನ ಕಾಸ್ಟನ್ನ ಎಣ್ಣೆಗೂ ಹಿಂಡಿಗೂ ಮಾರಾಟ ಬೆಲೆ ಅನುಪಾತದಲ್ಲಿ ಹಂಚ್ಬೇಕು. ನಿಮ್ಮ ಆಡಿಟರ್ ಹೇಳ್ತಿರೋದು ಅದೇ ಇರ್ಬೇಕು.

ಪೀಣ್ಯದವ್ರೇ, ಕ್ವಾಂಟಿಟಿ ಇಲ್ದಿರೋ ಬಿಲ್‌ಗಳನ್ನ ಐಟಂ ಸಮೇತ ತಿದ್ದಿ, ಲೆಡ್ಜರನ್ನ `Sales Accounts` ಕೆಳಗೆ ಬೇರೆಯಾಗಿ ಇಡಿ. ಟ್ಯಾಕ್ಸು ಮೊತ್ತ ಹಂಗೇ ಇರ್ಬೇಕು, ಅದನ್ನ ಮುಟ್ಬೇಡಿ. ಮಾರಾಟ 7,500 ಬಂತು, ಸ್ಟಾಕು 7,500 ಹೋಯ್ತು, ಸಮ. ಜರ್ನಲ್ ರೇಟಿಗೂ ಬಿಲ್ ರೇಟಿಗೂ ಇರೋ ವ್ಯತ್ಯಾಸ ಮಾತ್ರ ಲಾಭಕ್ಕೆ ಬರ್ಲಿ. ಆಮೇಲೂ ತೂಕ ಪೂರ್ತಿ ಕೂಡಲ್ಲ, ಯಾಕಂದ್ರೆ ಕೂಲಂಟಲ್ಲಿ ನೆನೆದ ಟರ್ನಿಂಗ್ ಕಾಟಾ ಮೇಲೆ ಜಾಸ್ತಿ ತೂಗುತ್ತೆ, ಒಂದಿಷ್ಟು ನೆಲಕ್ಕೆ ಸೋರುತ್ತೆ, ಅದಕ್ಕೇ ಗುಜರಿಯವ್ರು ಒಂದಿಷ್ಟು ಕಡಿತ ಮಾಡೋದು. ಡ್ರಮ್ಮನ್ನ ತೂಗಿ Physical Stock ವೋಚರ್ ಹಾಕಿ.

ಬೆಳಗಾವಿ_ಫೌಂಡ್ರಿ: ನಾವು ಹೋದ ತಿಂಗ್ಳು ಹಳೆ ಲೇಥ್ ಗುಜರಿಗೆ ಹಾಕಿದ್ವಿ, ಅದನ್ನೂ ಹಿಂಗೆ ಕಾಸ್ಟಲ್ಲಿ ಕಳೀಬೋದಾ?

ಕಾಸ್ಟ್‌ಶೀಟ್: ಇಲ್ಲ, ಅದು ಆಸ್ತಿ ಮಾರಾಟ. ಪ್ರೊಡಕ್ಷನ್ನಿಗೆ ಸಂಬಂಧ ಇಲ್ಲ.

ಗೋವಿಂದ_ಅಕೌಂಟ್ಸ್: ಕಂಪನಿ ಆಗಿದ್ರೆ ಇತರೆ ಆದಾಯನೇ ತಾನೆ, ಶೆಡ್ಯೂಲ್ ಮೂರರಲ್ಲಿ?

ಕಾಸ್ಟ್‌ಶೀಟ್: ಇಲ್ಲ ಸಾರ್. ಆದಾಯ ಅಂತ ತೋರಿಸೋದಾದ್ರೆ ಮ್ಯಾನುಫ್ಯಾಕ್ಚರಿಂಗ್ ಕಂಪನಿಗೆ ಉತ್ಪಾದನೆಯಿಂದ ಬಂದ ಸ್ಕ್ರ್ಯಾಪು ಅದರ್ ಆಪರೇಟಿಂಗ್ ರೆವೆನ್ಯೂಗೆ ಹೋಗುತ್ತೆ, ಐಸಿಎಐ ಮಾರ್ಗಸೂಚಿಲಿ ಹಂಗೇ ಇದೆ. ಬಡ್ಡಿ ಪಕ್ಕ ಇಟ್ರೆ ಬ್ಯಾಂಕ್‌ನವ್ರಿಗೆ ಆಪರೇಟಿಂಗ್ ಮಾರ್ಜಿನ್ ಕಮ್ಮಿ ಕಾಣುತ್ತೆ ಅಷ್ಟೇ.

ಪೀಣ್ಯ_ಲೆಡ್ಜರ್: ಬಿಲ್ ತಿದ್ದಿದೆ, ಸ್ಟಾಕು ಡ್ರಮ್ಮಿನ ಹತ್ರ ಹತ್ರ ಬಂತು, ಲಾಭಾನೂ ಇಳೀತು, ಪಾರ್ಟ್ನರ್ ಮುಖ ಸಪ್ಪಗಾಗಿದೆ. ಇನ್ನೊಂದು, ಒಬ್ಬ ಕಸ್ಟಮರು ಬಾರ್ ಅವ್ರೇ ಕಳಿಸ್ತಾರೆ, ಟರ್ನಿಂಗ್ ನಮಗೇ ಬಿಟ್ಟು ಜಾಬ್‌ವರ್ಕ್ ರೇಟು ಕಮ್ಮಿ ಕೊಡ್ತಾರೆ. ಅಲ್ಲಿ ಬಾರ್ ಕಾಸ್ಟೇ ನಮ್ಮ ಬುಕ್ಕಲ್ಲಿಲ್ಲ, ಕಳೆಯೋದು ಯಾವುದ್ರಿಂದ?

ಗೋವಿಂದ_ಅಕೌಂಟ್ಸ್: ಇಲ್ಲಿ ನೋಡಿ, ಇದು ಇತರೆ ಆದಾಯ!

ಕಾಸ್ಟ್‌ಶೀಟ್: ನಂಗೆ ಅದು ಜಾಬ್‌ವರ್ಕ್ ಚಾರ್ಜಿನ ಒಂದು ಭಾಗ ಅನ್ಸುತ್ತೆ, ರೇಟು ಇಳಿಸಿದ್ದೇ ಅದಕ್ಕೆ. ಟರ್ನಿಂಗ್ ಯಾರ್ದು ಅಂತ ಪಿಓಲಿ ಏನು ಬರ್ದಿದಾರೆ?

ಪೀಣ್ಯ_ಲೆಡ್ಜರ್: ಏನೂ ಬರ್ದಿಲ್ಲ ಸಾರ್, ಬಾಯ್ಮಾತು.

ಕಾಸ್ಟ್‌ಶೀಟ್: ಹಂಗಾದ್ರೆ ಮೊದ್ಲು ಅವ್ರ ಹತ್ರ ಒಂದು ಮೇಲ್ ತರಿಸ್ಕೊಳ್ಳಿ. ಸ್ಕ್ರ್ಯಾಪ್ ಅವ್ರದ್ದು ಅಂತಾದ್ರೆ ಜಿಎಸ್‌ಟಿ ದಾರಿನೇ ಬೇರೆ.