ಮಾರ್ಚ್ 31ರ ದಿನಾಂಕ ಹೊತ್ತ ಜರ್ನಲ್‌ಗಳು: ಯಾವುದನ್ನು ಆರಿಸಿ ಪರೀಕ್ಷಿಸಬೇಕು?

ಪ್ರಶ್ನೆ (ಆರ್ಟಿಕಲ್ ಸಹಾಯಕಿ, ಉಡುಪಿ):
ನಮ್ಮ ಕಕ್ಷಿದಾರರದ್ದು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ, ಲೆಕ್ಕ ಟ್ಯಾಲಿಯಲ್ಲಿದೆ. ವರ್ಷಾಂತ್ಯದ ಅಸಹಜ ಜರ್ನಲ್‌ಗಳನ್ನು ಹುಡುಕಲು ಎಕ್ಸೆಲ್‌ನಲ್ಲಿ ಮಾರ್ಚ್ 25ರಿಂದ 31ರವರೆಗಿನ ವೋಚರ್‌ಗಳನ್ನು ಬೇರ್ಪಡಿಸಿದೆ. ನಾನೂರಕ್ಕೂ ಹೆಚ್ಚು ಬಂದವು. ಅವುಗಳಲ್ಲಿ ದುಂಡು ಮೊತ್ತದವನ್ನು ಮಾತ್ರ ಆರಿಸಿದರೆ ಸಾಕೇ? ದಿನಾಂಕದ ಸೋಸುವಿಕೆ ಸರಿಯಾಗಿದೆಯೇ?

ಉತ್ತರ (ಅಂತಿಮ ಪರೀಕ್ಷೆಗೆ ಓದುತ್ತಿರುವವರು, ಮಣಿಪಾಲ):
ದುಂಡು ಮೊತ್ತದ ಜೊತೆಗೆ ಬೆನ್‌ಫೋರ್ಡ್ ನಿಯಮವನ್ನೂ ಅನ್ವಯಿಸಿ ನೋಡಿ. ಸಹಜವಾಗಿ ಹುಟ್ಟಿದ ಮೊತ್ತಗಳಲ್ಲಿ ಸುಮಾರು ಶೇ. 30ರಷ್ಟು 1ರಿಂದ ಆರಂಭವಾಗುತ್ತವೆ, 9ರಿಂದ ಆರಂಭವಾಗುವವು ಶೇ. 5ಕ್ಕಿಂತ ಕಡಿಮೆ. ನಿಮ್ಮ ನಾನೂರು ವೋಚರ್‌ಗಳು ಈ ಪ್ರಮಾಣದಿಂದ ಎಲ್ಲಿ ಸರಿಯುತ್ತವೆಯೋ ಅಲ್ಲಿ ಕೈಚಳಕ ಇರುತ್ತದೆ. ಎಸ್‌ಎ 240 ಸಹ ದುಂಡು ಸಂಖ್ಯೆಗಳನ್ನು ಒಂದು ಲಕ್ಷಣವಾಗಿ ಹೆಸರಿಸಿದೆ.

ಉತ್ತರ (ಲೆಕ್ಕಪರಿಶೋಧಕರು, ಕೊಡಿಯಾಲ್‌ಬೈಲ್, ಮಂಗಳೂರು):
ಮಣಿಪಾಲದ ಮಿತ್ರರು ಹೇಳಿದ ಶೇಕಡಾವಾರು ಸರಿಯಾಗಿದೆ, ದುಂಡು ಸಂಖ್ಯೆಯ ಉಲ್ಲೇಖವೂ ಮಾನಕದಲ್ಲಿದೆ. ಆದರೆ ಈ ಕೆಲಸಕ್ಕೆ ಬೆನ್‌ಫೋರ್ಡ್ ಹೊಂದುವುದಿಲ್ಲ. ಬಾಡಿಗೆ, ಸಂಬಳದ ಬಾಕಿ, ಬಡ್ಡಿ ಮುಂತಾದ ನಿಗದಿತ ಮೊತ್ತಗಳೇ ತುಂಬಿರುವ ನಾನೂರು ವೋಚರ್‌ಗಳ ಗುಂಪು ಯಾವ ತಪ್ಪೂ ಇಲ್ಲದೆ ಆ ಪ್ರಮಾಣದಿಂದ ಸರಿದಿರುತ್ತದೆ, ಮತ್ತು ಲಾಭವನ್ನೇ ಬದಲಿಸಬಲ್ಲ ಎರಡು ಮೂರು ದೊಡ್ಡ ಜರ್ನಲ್‌ಗಳು ಆ ಪ್ರಮಾಣವನ್ನು ಅಲುಗಾಡಿಸುವುದೂ ಇಲ್ಲ.

ಇನ್ನು ದಿನಾಂಕದ ವಿಷಯ. ವೋಚರ್‌ನ ಮೇಲೆ ಬರೆದ ದಿನಾಂಕ ಬೇರೆ, ಅದನ್ನು ಕಂಪ್ಯೂಟರಿಗೆ ನಮೂದಿಸಿದ ದಿನ ಬೇರೆ. ನೀವು ಮೊದಲನೆಯದನ್ನು ಸೋಸಿದ್ದೀರಿ, ಆದರೆ ನಿಮಗೆ ಬೇಕಾದುದು ಎರಡನೆಯದು. ಲೆಕ್ಕವನ್ನು ತಿದ್ದುವ ಒತ್ತಡ ಹೆಚ್ಚಾಗಿ ಹುಟ್ಟುವುದು ಕರಡು ಲಾಭದ ಅಂಕಿ ಮಾಲೀಕರ ಕೈಗೆ ಬಂದ ದಿನ. ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ, ಕರಡು ಟ್ರಯಲ್ ಬ್ಯಾಲೆನ್ಸ್ ಯಾವಾಗ ಯಾರಿಗೆ ಹೋಯಿತು ಎಂಬುದು. ಅದಾದ ಮೇಲೆ ನಮೂದಾಗಿ ಹಿಂದಿನ ವರ್ಷದ ದಿನಾಂಕ ಹೊತ್ತಿರುವ ವೋಚರ್‌ಗಳು ನನ್ನ ಮೊದಲ ಗುಂಪು. ಮಾರ್ಚ್ 25ರ ಗೆರೆಗಿಂತ ಈ ಗೆರೆ ಬಹಳ ಹರಿತವಾದುದು.

ನಿಮ್ಮದು ಕಂಪನಿಯಾದ್ದರಿಂದ 2023ರ ಏಪ್ರಿಲ್ 1ರಿಂದ ತಿದ್ದುಪಡಿಯ ಜಾಡು ಉಳಿಸುವ ತಂತ್ರಾಂಶವನ್ನೇ ಅವರು ಬಳಸಬೇಕಾಗಿದೆ. ಟ್ಯಾಲಿಯ ಎಡಿಟ್ ಲಾಗ್‌ನಲ್ಲಿ ಪ್ರತಿ ವೋಚರ್ ಹುಟ್ಟಿದ ಮತ್ತು ಬದಲಾದ ದಿನ, ಸಮಯ, ಬಳಕೆದಾರರ ಹೆಸರು ಸಿಗುತ್ತವೆ. ಆ ಜಾಡು ಇಲ್ಲದ ಪಾಲುದಾರಿಕೆ ಸಂಸ್ಥೆಗಳಲ್ಲಿ ನಾನು ಎಕ್ಸ್‌ಎಂಎಲ್ ರೂಪದಲ್ಲಿ ದತ್ತಾಂಶ ಪಡೆದು ಅದರಲ್ಲಿರುವ `MASTERID` ಸಂಖ್ಯೆಯನ್ನು ಬಳಸುತ್ತೇನೆ. ವೋಚರ್ ಹುಟ್ಟಿದ ಕ್ರಮದಲ್ಲೇ ಆ ಸಂಖ್ಯೆ ಏರುತ್ತಾ ಹೋಗುತ್ತದೆ. ಎರಡು ವರ್ಷಗಳ ವೋಚರ್‌ಗಳನ್ನೂ ಒಟ್ಟಿಗೆ ಅದೇ ಕ್ರಮದಲ್ಲಿ ಜೋಡಿಸಿ, B ಅಂಕಣದಲ್ಲಿ ವೋಚರ್ ದಿನಾಂಕವನ್ನಿಟ್ಟು, ಹೀಗೆ ಬರೆಯಬಹುದು:

```
C2: =B2
C3: =MAX(C2,B3)
D3: =C3-B3
```

C ಅಂಕಣವು ಅಲ್ಲಿಯವರೆಗೆ ನಮೂದಾದ ಅತ್ಯಂತ ಈಚಿನ ದಿನಾಂಕವನ್ನು ಹಿಡಿದಿಟ್ಟುಕೊಳ್ಳುತ್ತದೆ, D ಅಂಕಣವು ಈ ವೋಚರ್ ಅದಕ್ಕಿಂತ ಎಷ್ಟು ದಿನ ಹಿಂದಕ್ಕೆ ಹೋಗಿದೆ ಎಂದು ತೋರಿಸುತ್ತದೆ. ಮುಂದಿನ ದಿನಾಂಕದ ಚೆಕ್ಕಿನ ಒಂದೇ ಒಂದು ವೋಚರ್ ನಡುವೆ ಬಂದರೂ C ಅಂಕಣ ಕೆಟ್ಟುಹೋಗುವುದರಿಂದ ಅಂಥವನ್ನು ಮೊದಲೇ ತೆಗೆದಿಡಬೇಕು. ಹಳೆಯ ವೋಚರ್ ಒಂದರ ಮೊತ್ತವನ್ನು ಜೂನ್‌ನಲ್ಲಿ ಬದಲಿಸಿದ್ದರೆ ಅದರ `MASTERID` ಹಾಗೆಯೇ ಇರುತ್ತದೆ, `ALTERID` ಮಾತ್ರ ಮುಂದಕ್ಕೆ ಜಿಗಿದಿರುತ್ತದೆ. ಆದ್ದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ದತ್ತಾಂಶವನ್ನು ಹೊಸ ಕಂಪನಿಗೆ ಆಮದು ಮಾಡಿದ್ದರೆ ಈ ಕ್ರಮವನ್ನು ನಂಬುವಂತಿಲ್ಲ.

ಪ್ರತಿಕ್ರಿಯೆ (ಹೋಟೆಲ್ ಸಂಸ್ಥೆಯೊಂದರ ಅಕೌಂಟೆಂಟ್, ಕುಂದಾಪುರ):
ನಾವು ಸವಕಳಿ, ಆದಾಯ ತೆರಿಗೆಯ ಅವಕಾಶ, ಜಿಎಸ್‌ಟಿ ಹೊಂದಾಣಿಕೆ ಎಲ್ಲವನ್ನೂ ಆಗಸ್ಟ್‌ನಲ್ಲಿ ಮಾರ್ಚ್ 31ರ ದಿನಾಂಕ ಹಾಕಿ ಬರೆಯುತ್ತೇವೆ. ಅದರಲ್ಲಿ ಅರ್ಧದಷ್ಟನ್ನು ಆಡಿಟರೇ ಹೇಳಿ ಬರೆಸುತ್ತಾರೆ. ಹಾಗಾದರೆ ನಾವೆಲ್ಲ ಲೆಕ್ಕ ತಿದ್ದುವವರು ಎಂದು ಅರ್ಥವೇ ಸರ್? ಪ್ರಾಮಾಣಿಕವಾಗಿ ದುಡಿಯುವ ಅಕೌಂಟೆಂಟರನ್ನು ಅನುಮಾನಿಸುವುದು ನೋವಿನ ಸಂಗತಿ.

ಉತ್ತರ (ಲೆಕ್ಕಪರಿಶೋಧಕರು, ಕೊಡಿಯಾಲ್‌ಬೈಲ್):
ಖಂಡಿತ ಹಾಗಲ್ಲ. ತಡವಾಗಿ ಬರೆಯುವುದು ತಪ್ಪಲ್ಲ, ನೀವು ಹೇಳಿದ ಜರ್ನಲ್‌ಗಳು ಪ್ರತಿ ವರ್ಷ ಬರಲೇಬೇಕು. ತಡವಾದವುಗಳಲ್ಲಿ ನಿರೀಕ್ಷಿತವಾದವನ್ನು ಮೊದಲು ಪಕ್ಕಕ್ಕೆ ಇಡುವುದು ಈ ಕಾರಣಕ್ಕೇ. ಆದರೆ ಪಕ್ಕಕ್ಕಿಡುವ ಮುನ್ನ ಸವಕಳಿಯ ಮೊತ್ತ ಸ್ಥಿರಾಸ್ತಿ ಪಟ್ಟಿಗೂ, ತೆರಿಗೆಯ ಮೊತ್ತ ಗಣನೆಗೂ ತಾಳೆಯಾಗಬೇಕು. ಹೆಸರು ನೋಡಿ ಬಿಟ್ಟುಬಿಡುವಂತಿಲ್ಲ.

ಉಳಿದವುಗಳಲ್ಲಿ ನಾನು ನೋಡುವುದು ಖಾತೆಗಳ ಜೋಡಿಯನ್ನು. ಯಾವ ಖಾತೆ ಡೆಬಿಟ್ ಆದಾಗ ಯಾವುದು ಕ್ರೆಡಿಟ್ ಆಗಿದೆ, ಅಂಥ ಜೋಡಿ ವರ್ಷದಲ್ಲಿ ಎಷ್ಟು ಬಾರಿ ಬಂದಿದೆ ಎಂದು ಪಿವಟ್ ಕೋಷ್ಟಕದಲ್ಲಿ ಎಣಿಸಿದರೆ, ಆ ವ್ಯವಹಾರದ ನಿತ್ಯದ ಹಾದಿಗಳು ಮತ್ತು ಅಪರೂಪದ ಹಾದಿಗಳು ಬೇರೆಬೇರೆಯಾಗುತ್ತವೆ. ಹಲವು ಸಾಲುಗಳ ಒಂದೇ ಜರ್ನಲ್‌ನಲ್ಲಿ ಯಾವುದಕ್ಕೆ ಯಾವುದು ಎದುರು ಎಂದು ಹೇಳಲಾಗದು. ಅಲ್ಲಿ ಲೆಡ್ಜರ್ ಬದಲು ಗುಂಪಿನ ಮಟ್ಟದಲ್ಲಿ ಜೋಡಿಸುತ್ತೇನೆ.

ಗೇರುಬೀಜ ಸಂಸ್ಕರಣೆಯ ಒಂದು ಕಂಪನಿಯ ಲೆಕ್ಕವನ್ನು ಗುರುತು ಸಿಗದಂತೆ ಹೇಳುತ್ತೇನೆ. ಅಲ್ಲಿ ಹಿಂದಿನ ವರ್ಷದ ದಿನಾಂಕ ಹೊತ್ತು ಮಾರ್ಚ್ 31ರ ನಂತರ ನಮೂದಾದ ಜರ್ನಲ್‌ಗಳು 163 ಇದ್ದವು. ನಿರೀಕ್ಷಿತವಾದವನ್ನು ತಾಳೆ ನೋಡಿ ತೆಗೆದು, ಸಾಮಾನ್ಯ ಜೋಡಿಗಳನ್ನು ಬಿಟ್ಟ ಮೇಲೆ 19 ಉಳಿದವು. ಅವುಗಳಲ್ಲಿ ಮೂರು ಒಂದೇ ಜೋಡಿಯವು: ಕ್ಲಿಯರಿಂಗ್ ಏಜೆಂಟರ ಮುಂಗಡ ಡೆಬಿಟ್, ಸಾಗಣೆ ಮತ್ತು ಬಂದರು ವೆಚ್ಚ ಕ್ರೆಡಿಟ್. ಮೊತ್ತಗಳು ₹11,20,000, ₹9,30,000 ಮತ್ತು ₹6,90,000. ಮೂರೂ ಜೂನ್ 17ರಂದು ಒಂದೇ ಸಂಜೆ ನಮೂದಾಗಿದ್ದವು, ನರೇಷನ್ ಎಂದರೆ "ವರ್ಗಾವಣೆ" ಎಂಬ ಒಂದೇ ಪದ. ಕರಡು ಲಾಭದ ಅಂಕಿ ಹೋಗಿದ್ದುದು ಅದೇ ವಾರದಲ್ಲಿ, ಬ್ಯಾಂಕಿನ ದುಡಿಯುವ ಬಂಡವಾಳದ ಸಾಲ ನವೀಕರಣಕ್ಕೆ ಕಾದಿತ್ತು. ದುಂಡು ಮೊತ್ತದ ಸೋಸುವಿಕೆಯನ್ನು ಲಕ್ಷದ ಲೆಕ್ಕದಲ್ಲಿ ಮಾಡಿದ್ದರೆ ಮೂರೂ ತಪ್ಪಿಸಿಕೊಳ್ಳುತ್ತಿದ್ದವು.

ವಿವರಣೆ ಕೇಳಿದಾಗ, ಅವು ಏಪ್ರಿಲ್‌ನಲ್ಲಿ ಪಣಂಬೂರಿಗೆ ಬರಲಿದ್ದ ಹಡಗಿನ ಖರ್ಚು, ಮಾರ್ಚ್‌ನಲ್ಲೇ ಪಾವತಿಸಿದ್ದು ಎಂದರು. ವಿವರಣೆ ಒಪ್ಪುವಂತಿತ್ತು, ಆದರೆ ವಿವರಣೆಯೇ ಪುರಾವೆಯಲ್ಲ. ಏಜೆಂಟರ ಬಿಲ್ಲುಗಳನ್ನೂ ಕಸ್ಟಮ್ಸ್‌ಗೆ ಸಲ್ಲಿಸಿದ ಬಿಲ್ ಆಫ್ ಎಂಟ್ರಿಗಳನ್ನೂ ತರಿಸಿ ನೋಡಿದಾಗ ₹6,90,000 ಮಾತ್ರ ನಿಜವಾಗಿ ಏಪ್ರಿಲ್‌ನ ಸರಕಿಗೆ ಸೇರಿತ್ತು. ಉಳಿದ ₹20,50,000 ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಇಳಿಸಿದ ಸರಕಿನದು. ಆ ಸರಕಿನಲ್ಲಿ ವರ್ಷಾಂತ್ಯಕ್ಕೆ ಗೋದಾಮಿನಲ್ಲಿ ಉಳಿದ ಭಾಗಕ್ಕೆ ತಗಲುವ ಸಾಗಣೆ ವೆಚ್ಚ ದಾಸ್ತಾನಿನ ಬೆಲೆಯಲ್ಲಿ ಸೇರಬೇಕಾದುದು ನ್ಯಾಯವೇ. ಆದರೆ ದಾಸ್ತಾನಿನ ಪಟ್ಟಿಯಲ್ಲಿ ಅದು ಆಗಲೇ ಸೇರಿತ್ತು. ಹೀಗಾಗಿ ಅದೇ ವೆಚ್ಚದ ಒಂದು ಭಾಗ ಎರಡು ಕಡೆ ಆಸ್ತಿಯಾಗಿ ಕುಳಿತಿತ್ತು, ಇನ್ನೊಂದು ಭಾಗ ಖರ್ಚಾಗಬೇಕಾದ್ದು ಖರ್ಚಾಗಿರಲಿಲ್ಲ. ಹೊಸ ವರ್ಷದ ಪುಸ್ತಕದಲ್ಲಿ ಏಪ್ರಿಲ್ 1ರ ದಿನಾಂಕಕ್ಕೆ ಮೂರನ್ನೂ ತಿರುಗಿಸಿ ಬರೆದಿದ್ದರು. ಆದ್ದರಿಂದ ಏಪ್ರಿಲ್ ತಿಂಗಳ ತಿರುಗು ಜರ್ನಲ್‌ಗಳನ್ನು ಅದೇ ಮೊತ್ತದಿಂದ ಹುಡುಕುವುದನ್ನು ನಾನು ಎಂದೂ ಬಿಡುವುದಿಲ್ಲ.

ಮರುಪ್ರಶ್ನೆ (ಆರ್ಟಿಕಲ್ ಸಹಾಯಕಿ, ಉಡುಪಿ):
ಧನ್ಯವಾದಗಳು ಸರ್. ನಾನು ಡೇ ಬುಕ್ಕನ್ನು ಎಕ್ಸೆಲ್‌ಗೆ ತಂದಿದ್ದೆ. ಅದರಲ್ಲಿ ಎಲ್ಲ ವೋಚರ್‌ಗಳೂ ಬಂದಿವೆ ಎಂದು ಹೇಗೆ ತಿಳಿಯುವುದು? ಒಟ್ಟು ಡೆಬಿಟ್ ಮತ್ತು ಕ್ರೆಡಿಟ್ ಸಮವಾಗಿವೆ.

ಉತ್ತರ (ಒಳ ಲೆಕ್ಕಪರಿಶೋಧಕಿ, ಮಂಗಳೂರು):
ಅದು ಸಾಲದು. ಒಂದು ವೋಚರ್ ಪೂರ್ತಿ ಬಿಟ್ಟುಹೋದರೂ ಎರಡೂ ಬದಿ ಸಮವಾಗಿಯೇ ಇರುತ್ತವೆ. ಪ್ರತಿ ಲೆಡ್ಜರಿಗೂ ಆರಂಭದ ಶಿಲ್ಕಿಗೆ ನಿಮ್ಮ ಹಾಳೆಯ ಡೆಬಿಟ್ ಕೂಡಿಸಿ ಕ್ರೆಡಿಟ್ ಕಳೆದು, ಬಂದುದನ್ನು ಅಂತಿಮ ಟ್ರಯಲ್ ಬ್ಯಾಲೆನ್ಸ್‌ಗೆ ಹೋಲಿಸಿ. ವ್ಯತ್ಯಾಸ ಇರುವ ಲೆಡ್ಜರುಗಳ ಪಟ್ಟಿಯೇ ನಿಮಗೆ ದಾರಿ ತೋರಿಸುತ್ತದೆ.

ದಾಸ್ತಾನಿನ ಲೆಡ್ಜರಿನಲ್ಲಿ ವ್ಯತ್ಯಾಸ ಬಂದರೆ ಗಾಬರಿಯಾಗಬೇಡಿ, ಹಾಗೆಂದು ಮುಂದೆಯೂ ಹೋಗಬೇಡಿ. ಟ್ಯಾಲಿಯಲ್ಲಿ ಲೆಕ್ಕವನ್ನೂ ದಾಸ್ತಾನನ್ನೂ ಜೋಡಿಸದೆ ಇಟ್ಟಿರುವ ಕಡೆ ಅಂತಿಮ ದಾಸ್ತಾನಿನ ಮೊತ್ತವನ್ನು ಲೆಡ್ಜರಿನೊಳಗೇ ಟೈಪ್ ಮಾಡುತ್ತಾರೆ, ಅದಕ್ಕೆ ವೋಚರ್ ಹುಟ್ಟುವುದೇ ಇಲ್ಲ. ಗೇರುಬೀಜ, ಹಂಚು, ಮೀನಿನ ಉದ್ಯಮಗಳಲ್ಲಿ ಲಾಭವನ್ನು ಅತಿ ಹೆಚ್ಚು ಬದಲಿಸಬಲ್ಲ ಅಂಕಿ ಅದೇ, ಮತ್ತು ಜರ್ನಲ್ ಪರೀಕ್ಷೆಯ ಬಲೆಗೆ ಬೀಳದಿರುವುದೂ ಅದೇ. ಹಣಕಾಸು ಪಟ್ಟಿಯ ಎಕ್ಸೆಲ್ ಹಾಳೆಯಲ್ಲಿ ಟ್ಯಾಲಿಯ ಹೊರಗೆ ಮಾಡಿದ ಮರುವರ್ಗೀಕರಣಗಳೂ ಹೀಗೆಯೇ. ಎಸ್‌ಎ 240 ಜರ್ನಲ್‌ಗಳ ಜೊತೆಗೆ ಇತರ ಹೊಂದಾಣಿಕೆಗಳನ್ನೂ ಪರೀಕ್ಷಿಸಲು ಹೇಳುವುದು ಇಂಥವುಗಳಿಗಾಗಿ.

ಕೊಡಿಯಾಲ್‌ಬೈಲಿನ ಸರ್ ಹೇಳಿದ ಒಂದು ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇಲ್ಲ. ಸಾಮಾನ್ಯ ಜೋಡಿಗಳನ್ನು ಬಿಟ್ಟುಬಿಟ್ಟರೆ, ಸಾಲಗಾರರ ಖಾತೆ ಡೆಬಿಟ್, ಮಾರಾಟ ಕ್ರೆಡಿಟ್ ಎಂಬ ಅತಿ ಸಾಮಾನ್ಯ ಜೋಡಿಯಲ್ಲಿ ಅಡಗಿದ ಸುಳ್ಳು ಮಾರಾಟ ಕೈತಪ್ಪುತ್ತದೆ.

ಉತ್ತರ (ಲೆಕ್ಕಪರಿಶೋಧಕರು, ಕೊಡಿಯಾಲ್‌ಬೈಲ್):
ಮೇಡಂ, ಅದು ನ್ಯಾಯವಾದ ಆಕ್ಷೇಪ. ಆ ಜೋಡಿ ಮಾರಾಟದ ವೋಚರ್ ಬದಲು ಜರ್ನಲ್ ವೋಚರ್‌ನಲ್ಲಿ ಬಂದಿದ್ದರೆ ನಾನು ಅದನ್ನು ಅಪರೂಪವೆಂದೇ ಎಣಿಸುತ್ತೇನೆ, ಅಂದರೆ ವೋಚರ್ ಬಗೆಯೂ ಜೋಡಿಯ ಭಾಗ. ಸರಿಯಾದ ಮಾರಾಟದ ವೋಚರ್‌ನಲ್ಲೇ ಸುಳ್ಳು ಬಿಲ್ಲು ಹುಟ್ಟಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಇ-ವೇ ಬಿಲ್ಲು, ಸರಕು ಹೊರಟ ದಿನ ಮತ್ತು ಏಪ್ರಿಲ್‌ನ ಕ್ರೆಡಿಟ್ ನೋಟುಗಳನ್ನು ಹಿಡಿದು ಬೇರೆಯಾಗಿ ಹೋಗಬೇಕು. ಸೋಸುವಿಕೆಯಲ್ಲಿ ಬಿಟ್ಟುಹೋದವುಗಳಿಂದ ಎಷ್ಟನ್ನು ಯಾದೃಚ್ಛಿಕವಾಗಿ ಎತ್ತಬೇಕು ಎಂಬುದಕ್ಕೆ ಮಾನಕದಲ್ಲಿ ಸಂಖ್ಯೆಯಿಲ್ಲ, ಅದು ಅಪಾಯದ ಅಂದಾಜಿಗೆ ಬಿಟ್ಟದ್ದು. ಉಡುಪಿಯ ಸಹಾಯಕಿಯವರು ಆ ಸಂಖ್ಯೆಯನ್ನೂ ಅದರ ಕಾರಣವನ್ನೂ ತಮ್ಮ ಪ್ರಿನ್ಸಿಪಾಲರೊಂದಿಗೆ ಚರ್ಚಿಸಿ, ಪರೀಕ್ಷೆ ಆರಂಭಿಸುವ ಮುನ್ನವೇ ಕಡತದಲ್ಲಿ ಬರೆದಿಡಲಿ.