ಎರಡೇ ದಿನ ತಡವಾಗಿ ಪೂರ್ತಿ ಬಿಲ್ ಕಟ್ಟಿದೆ, ಎರಡೂವರೆ ಸಾವಿರ ಬಡ್ಡಿ ಹೇಗೆ ಬಂತು?

ತಿಕೋಟಾ ತೋಟ | ಸೆಪ್ಟೆಂಬರ್ 13, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಕ್ರೆಡಿಟ್ ಕಾರ್ಡ್ ಬಿಲ್ ನೋಡಿ ತಲೆ ಕೆಟ್ಟಿದೆ, ಯಾರಾದರೂ ಬಿಡಿಸಿ ಹೇಳಿ.

ನನ್ನ ಬಿಲ್ ಪ್ರತಿ ತಿಂಗಳು 12ಕ್ಕೆ ತಯಾರಾಗುತ್ತದೆ. ಆಗಸ್ಟ್ 12ರ ಬಿಲ್ 44,000 ರೂಪಾಯಿ. ಅದರಲ್ಲಿ ಜುಲೈ 16ಕ್ಕೆ ವಿಜಯಪುರದಲ್ಲಿ ತಗೊಂಡ ಡ್ರಿಪ್ ಪೈಪು ಮತ್ತು ಫಿಲ್ಟರ್ 36,000. ಉಳಿದ 8,000 ಆಗಸ್ಟ್ 4ರ ಗೊಬ್ಬರದ್ದು. ಕಟ್ಟಲು ಕೊನೆಯ ದಿನ ಸೆಪ್ಟೆಂಬರ್ 1. ತಾಸಗಾಂವ್‌ನಿಂದ ಒಣದ್ರಾಕ್ಷಿ ದುಡ್ಡು ಬರುವುದು ಎರಡು ದಿನ ತಡವಾಯಿತು. 3ನೇ ತಾರೀಖು ಪೂರ್ತಿ 44,000 ಕಟ್ಟಿದೆ, ಒಂದು ರೂಪಾಯಿ ಬಾಕಿ ಇಟ್ಟಿಲ್ಲ.

ನಿನ್ನೆ ಹೊಸ ಬಿಲ್ ಬಂತು. ಬಡ್ಡಿ 2,623.56, ಅದರ ಮೇಲೆ ಜಿಎಸ್‌ಟಿ 472.24. ಲೇಟ್ ಫೀ ಮಾತ್ರ ಇಲ್ಲ. ಬಡ್ಡಿ ದರ ತಿಂಗಳಿಗೆ 3.5 ಪರ್ಸೆಂಟ್ ಅಂತ ಬಿಲ್ಲಿನ ಹಿಂದೆ ಇದೆ. 44,000ಕ್ಕೆ ಎರಡು ದಿನದ ಬಡ್ಡಿ ನೂರು ರೂಪಾಯಿ ಆಗಬೇಕು ಅಲ್ವಾ? ಬ್ಯಾಂಕಿನವರು ಲೆಕ್ಕ ತಪ್ಪಿದ್ದಾರಾ?

---

ಘಟಪ್ರಭಾ ರೈಡರ್ | ಸೆಪ್ಟೆಂಬರ್ 13

ಅಣ್ಣಾ, ಇದು ಪಕ್ಕಾ ಬ್ಯಾಂಕಿನ ತಪ್ಪು. ಕೊನೆಯ ದಿನ ಮುಗಿದ ಮೇಲೂ ಮೂರು ದಿನ ಬಿಡಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ರೂಲ್ ಮಾಡಿದೆ. ನೀವು ಎರಡನೇ ದಿನ ಕಟ್ಟಿದ್ದೀರಿ, ಅಂದರೆ ಟೈಮಿಗೆ ಕಟ್ಟಿದ ಹಾಗೆಯೇ. ಸುಮ್ನೆ ಬಿಡಬೇಡಿ, ಓಂಬುಡ್ಸ್‌ಮನ್‌ಗೆ ದೂರು ಹಾಕಿ.

---

ಜಮಖಂಡಿ ಮೇಷ್ಟ್ರು | ಸೆಪ್ಟೆಂಬರ್ 13

ನನಗೂ ಹೀಗೇ ಆಗಿತ್ತು. ಕೊನೆಯ ದಿನ ರಾತ್ರಿ ಒಂದು ಆ್ಯಪ್‌ನಿಂದ ಕಟ್ಟಿದೆ, ಕಾರ್ಡ್ ಖಾತೆಗೆ ಜಮಾ ಆಗಿದ್ದು ಮೂರನೇ ದಿನ. ನೀವು ಯಾವ ಆ್ಯಪ್‌ನಿಂದ ಕಟ್ಟಿದಿರಿ? ದುಡ್ಡು ಕಟ್ ಆದ ಟೈಮಿನ ಸ್ಕ್ರೀನ್‌ಶಾಟ್ ಕಳಿಸಿದರೆ ಬಡ್ಡಿ ತೆಗೆಯುತ್ತಾರೆ. ನನಗೆ ತೆಗೆದರು.

---

ತಿಕೋಟಾ ತೋಟ | ಸೆಪ್ಟೆಂಬರ್ 13

ಸರ್, ಜಮಾ ಆಗುವುದು ತಡವಾಗಿಲ್ಲ. ನಾನು ಕಟ್ಟಿದ್ದೇ 3ಕ್ಕೆ. ಅವತ್ತೇ ಜಮಾ ಆಗಿದೆ.

---

ಟಿಳಕವಾಡಿ ಲೆಕ್ಕ | ಸೆಪ್ಟೆಂಬರ್ 13, ಸಂಜೆ

ಬೆಳಗಾವಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ, ಇಂಥ ಬಿಲ್ ಹಿಡಿದುಕೊಂಡು ಬರುವವರು ತಿಂಗಳಿಗೆ ಒಬ್ಬರಾದರೂ ಇರುತ್ತಾರೆ.

ಅಣ್ಣಾ, ನೀವು ಬಡ್ಡಿಯನ್ನು ಸೆಪ್ಟೆಂಬರ್ 1ರಿಂದ ಎಣಿಸುತ್ತಿದ್ದೀರಿ. ಬ್ಯಾಂಕು ಎಣಿಸುವುದು ನೀವು ಅಂಗಡಿಯಲ್ಲಿ ಕಾರ್ಡ್ ಉಜ್ಜಿದ ದಿನದಿಂದ. ಬಡ್ಡಿ ಇಲ್ಲದ ಅವಧಿ ಅನ್ನುವುದು ಒಂದು ಶರತ್ತಿನ ಮೇಲೆ ಕೊಡುವ ಮಾಫಿ. ಕೊನೆಯ ದಿನದೊಳಗೆ ಪೂರ್ತಿ ಮೊತ್ತ ಬಂದರೆ ಹಿಂದಿನ ಅಷ್ಟೂ ದಿನದ ಬಡ್ಡಿ ಬಿಡುತ್ತಾರೆ. ಬರದಿದ್ದರೆ ಮಾಫಿಯೇ ಇಲ್ಲ. ಎರಡು ದಿನದ ಮಾಫಿ ಹೋಗಿ ಉಳಿದ 47 ದಿನದ್ದು ನಿಲ್ಲುತ್ತದೆ ಅಂತ ಆಗುವುದಿಲ್ಲ.

ತಿಂಗಳಿಗೆ 3.5 ಅಂದರೆ ವರ್ಷಕ್ಕೆ 42. ನಿಮ್ಮ ಪೈಪಿಗೆ ಜುಲೈ 16ರಿಂದ ಸೆಪ್ಟೆಂಬರ್ 3ರವರೆಗೆ 49 ದಿನ, ಗೊಬ್ಬರಕ್ಕೆ 30 ದಿನ:

```
36000 × 42% × 49 ÷ 365 = 2029.81
 8000 × 42% × 30 ÷ 365 =  276.16
```

ಎರಡೂ ಕೂಡಿದರೆ 2,305.97. ನಿಮ್ಮ ಬಿಲ್‌ಗೆ ಇನ್ನೂ 317.59 ಕಡಿಮೆ ಬೀಳುತ್ತದೆ. ಆಗಸ್ಟ್ 12ರ ನಂತರ ಏನಾದರೂ ತಗೊಂಡಿದ್ದೀರಾ?

---

ತಿಕೋಟಾ ತೋಟ | ಸೆಪ್ಟೆಂಬರ್ 13

ಹೌದು ಮೇಡಂ. ಮಗಳ ಹಾಸ್ಟೆಲ್ ಫೀಸು, 12,000, ಆಗಸ್ಟ್ 20ಕ್ಕೆ. ಆದರೆ ಅದು ಹೊಸ ಬಿಲ್ಲಿನದು. ಅದನ್ನು ಕಟ್ಟಲು ಅಕ್ಟೋಬರ್ 2ರವರೆಗೆ ಟೈಮ್ ಇದೆ!

---

ಟಿಳಕವಾಡಿ ಲೆಕ್ಕ | ಸೆಪ್ಟೆಂಬರ್ 13

ಸಿಕ್ಕಿತು ನೋಡಿ. ಆಗಸ್ಟ್ 20ರಿಂದ ಬಿಲ್ ದಿನ ಸೆಪ್ಟೆಂಬರ್ 12ರವರೆಗೆ 23 ದಿನ:

```
12000 × 42% × 23 ÷ 365 = 317.59
```

ಪೈಸೆ ಪೈಸೆ ಕೂಡುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಹಳೆಯ ಬಿಲ್ ಬಾಕಿ ಉಳಿದರೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಅದಕ್ಕೆ ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. ಹಿಂದಿನ ತಿಂಗಳ ಬಾಕಿ ಇದ್ದರೆ ಈ ಅವಧಿ ಕೈತಪ್ಪುತ್ತದೆ ಅಂತ ಕಾರ್ಡಿನ ಮುಖ್ಯ ಶರತ್ತುಗಳಲ್ಲಿ ಬಿಡಿಸಿ ಬರೆಯಬೇಕು ಅನ್ನುವುದು ರಿಸರ್ವ್ ಬ್ಯಾಂಕಿನದೇ ನಿಯಮ. ಬರೆದಿರುತ್ತಾರೆ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಈಗ ಅರ್ಜೆಂಟ್ ಮಾತು. "ಅಕ್ಟೋಬರ್ 2ರವರೆಗೆ ಟೈಮ್ ಇದೆ" ಅಂತ ಕೂರಬೇಡಿ. ಆ 12,000ಕ್ಕೆ ಈಗಲೂ ದಿನಕ್ಕೆ 13 ರೂಪಾಯಿ 81 ಪೈಸೆ ಬಡ್ಡಿ ಓಡುತ್ತಿದೆ. ಅಕ್ಟೋಬರ್ 2ಕ್ಕೇ ಕಟ್ಟಿದರೆ ತಡ ಅಂತ ಆಗುವುದಿಲ್ಲ, ಲೇಟ್ ಫೀ ಬೀಳುವುದಿಲ್ಲ. ಆದರೂ ಮುಂದಿನ ಬಿಲ್‌ನಲ್ಲಿ ಜಿಎಸ್‌ಟಿ ಸೇರಿ ಸುಮಾರು 325 ರೂಪಾಯಿ ಮತ್ತೆ ಬರುತ್ತದೆ. "ಪೂರ್ತಿ ಕಟ್ಟಿದರೂ ಬಡ್ಡಿ ಹಾಕಿದ್ದಾರೆ" ಅಂತ ಜನ ಜಗಳಕ್ಕೆ ಹೋಗುವುದು ಇದಕ್ಕೇ. ಬಿಲ್ಲಿನ ಪೂರ್ತಿ 15,095.80 ಇವತ್ತೋ ನಾಳೆಯೋ ಕಟ್ಟಿಬಿಡಿ. ಬಿಲ್ ದಿನದಿಂದ ಕಟ್ಟಿದ ದಿನದವರೆಗಿನ ಚೂರು ಬಡ್ಡಿ ಮಾತ್ರ ಮುಂದಿನ ಬಿಲ್‌ಗೆ ಬರುತ್ತದೆ. ಅದನ್ನೂ ಕಟ್ಟಿ ಖಾತೆ ಚೊಕ್ಕ ಆಗುವವರೆಗೆ ಆ ಕಾರ್ಡ್ ಮುಟ್ಟಬೇಡಿ. ಮಧ್ಯೆ ಏನಾದರೂ ತಗೊಂಡರೆ ಅದಕ್ಕೂ ಮೊದಲ ದಿನದಿಂದ ಬಡ್ಡಿ ಬೀಳುವ ಸಾಧ್ಯತೆ ಇದೆ.

ರೈಡರ್, ಮೂರು ದಿನದ ನಿಯಮ ಇರುವುದು ನಿಜ. ಆದರೆ ಅದು ಹೇಳುವುದು, ಮೂರು ದಿನಕ್ಕಿಂತ ಜಾಸ್ತಿ ತಡವಾದರೆ ಮಾತ್ರ ಲೇಟ್ ಫೀ ಹಾಕಬಹುದು ಮತ್ತು ಸಿಬಿಲ್‌ನಂಥ ಸಂಸ್ಥೆಗಳಿಗೆ ತಡ ಅಂತ ತಿಳಿಸಬಹುದು ಅಂತ. ಅಣ್ಣನ ಬಿಲ್‌ನಲ್ಲಿ ಲೇಟ್ ಫೀ ಇಲ್ಲದಿರುವುದು ಅದರಿಂದಲೇ. ಕೊನೆಯ ದಿನಾಂಕ ಮುಂದೆ ಹೋಗುವುದಿಲ್ಲ.

---

ಘಟಪ್ರಭಾ ರೈಡರ್ | ಸೆಪ್ಟೆಂಬರ್ 14

ಲೇಟ್ ಫೀ ವಿಷಯ ಒಪ್ಪಿದೆ ಅಕ್ಕಾ. ಆದರೆ ನಾನು ಹೋದ ವರ್ಷ ಎರಡು ದಿನ ತಡವಾಗಿ ಕಟ್ಟಿದ್ದೆ, ನನ್ನ ಬ್ಯಾಂಕು ಬಡ್ಡಿಯನ್ನೂ ಹಾಕಲಿಲ್ಲ. ಅದಕ್ಕೇ ಅಷ್ಟು ಗಟ್ಟಿಯಾಗಿ ಹೇಳಿದ್ದು. ನಿಯಮದಲ್ಲಿ "ಇತರ ಸಂಬಂಧಿಸಿದ ಶುಲ್ಕ" ಅಂತಲೂ ಇದೆ. ಬಡ್ಡಿ ಅದರಲ್ಲಿ ಬರಲ್ವಾ?

---

ಟಿಳಕವಾಡಿ ಲೆಕ್ಕ | ಸೆಪ್ಟೆಂಬರ್ 14

ಅಲ್ಲಿ ಹೇಳಿರುವುದು ದಂಡದ ಶುಲ್ಕಗಳ ಬಗ್ಗೆ. ಬಡ್ಡಿ ದಂಡ ಅಲ್ಲ, ಬಳಸಿದ ಸಾಲದ ಬೆಲೆ ಅಂತ ಬ್ಯಾಂಕಿನವರ ವಾದ. ನನಗೂ ಹಾಗೇ ಓದಬೇಕು ಅನ್ನಿಸುತ್ತದೆ. ನಿಮ್ಮ ಬ್ಯಾಂಕು ತಾನಾಗಿ ಬಿಟ್ಟಿದ್ದರೆ ಒಳ್ಳೆಯದೇ. ಇನ್ನೊಂದು ಬ್ಯಾಂಕು ಬಿಡಲಿಲ್ಲ ಅಂತ ಅದನ್ನು ತಪ್ಪು ಅನ್ನಲು ಬರುವುದಿಲ್ಲ.

---

ಜಮಖಂಡಿ ಮೇಷ್ಟ್ರು | ಸೆಪ್ಟೆಂಬರ್ 14

ಮೇಡಂ, ಹಾಗಾದರೆ ಅವರು 1ನೇ ತಾರೀಖು ಮಿನಿಮಮ್ ಮೊತ್ತ ಕಟ್ಟಿ, 3ಕ್ಕೆ ಉಳಿದದ್ದು ಕಟ್ಟಿದ್ದರೆ ಬಚಾವ್ ಆಗುತ್ತಿದ್ದರು ಅಲ್ವಾ? ನಾನು ದುಡ್ಡು ಕಡಿಮೆ ಬಿದ್ದಾಗ ಹಾಗೇ ಮಾಡುತ್ತೇನೆ. ಬ್ಯಾಂಕಿನಿಂದ ಫೋನೇ ಬರುವುದಿಲ್ಲ.

---

ಟಿಳಕವಾಡಿ ಲೆಕ್ಕ | ಸೆಪ್ಟೆಂಬರ್ 14

ಫೋನ್ ಬರುವುದಿಲ್ಲ ಸರ್, ಬಡ್ಡಿ ಬರುತ್ತದೆ. ಮಿನಿಮಮ್ ಕಟ್ಟಿದರೆ ಲೇಟ್ ಫೀ ಮತ್ತು ಸಿಬಿಲ್ ತೊಂದರೆ ತಪ್ಪುತ್ತದೆ, ಅಷ್ಟೇ. ಮಾಫಿಗೆ ಬೇಕಾದದ್ದು ಪೂರ್ತಿ ಮೊತ್ತ. ಕಟ್ಟಿದಷ್ಟು ದುಡ್ಡಿಗೆ ಕಟ್ಟಿದ ದಿನದಿಂದ ಮುಂದೆ ಬಡ್ಡಿ ನಿಲ್ಲುತ್ತದೆ, ಹಿಂದಿನ ದಿನಗಳದ್ದು ಬಿದ್ದೇ ಬೀಳುತ್ತದೆ. ಅಣ್ಣ 1ಕ್ಕೆ 43,000 ಕಟ್ಟಿ ಬರೀ ಒಂದು ಸಾವಿರ ಉಳಿಸಿದ್ದರೂ ಬಡ್ಡಿ ಹೆಚ್ಚುಕಡಿಮೆ ಇಷ್ಟೇ ಬರುತ್ತಿತ್ತು. ನಿಮ್ಮ ಹಳೆಯ ಬಿಲ್‌ಗಳಲ್ಲಿ ಫೈನಾನ್ಸ್ ಚಾರ್ಜ್ ಅನ್ನುವ ಸಾಲು ಹುಡುಕಿ ನೋಡಿ.

ಅಣ್ಣನ ಬಿಲ್‌ನಲ್ಲಿ ಇನ್ನೊಂದು ಗಮನಿಸಿ. ಬಿಲ್ ತಯಾರಾದ ಮರುದಿನ, ಅಂದರೆ ಜುಲೈ 13ಕ್ಕೆ ತಗೊಂಡ ವಸ್ತುವಿಗೆ ಸೆಪ್ಟೆಂಬರ್ 1ರವರೆಗೆ 50 ದಿನ ಸಿಗುತ್ತದೆ. ಆಗಸ್ಟ್ 12ಕ್ಕೆ ತಗೊಂಡದ್ದಕ್ಕೆ 20 ದಿನ ಮಾತ್ರ. ಅದಕ್ಕೇ ದೊಡ್ಡ ಖರೀದಿಯನ್ನು ಬಿಲ್ ಆದ ಕೂಡಲೇ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ತಡವಾದಾಗ ಜಾಸ್ತಿ ಹೊಡೆತ ಬೀಳುವುದೂ ಅದೇ ಖರೀದಿಗೆ, ಯಾಕೆಂದರೆ ಅದರ ಹಿಂದೆ ಹೆಚ್ಚು ದಿನ ಕೂಡಿಬಿದ್ದಿರುತ್ತವೆ. ಅದೇ ಪೈಪು ಆಗಸ್ಟ್ 12ಕ್ಕೆ ತಗೊಂಡಿದ್ದರೆ 22 ದಿನದ ಬಡ್ಡಿ, ಸುಮಾರು 911 ರೂಪಾಯಿಗೆ ಮುಗಿಯುತ್ತಿತ್ತು.

---

ತಿಕೋಟಾ ತೋಟ | ಸೆಪ್ಟೆಂಬರ್ 14

ನಾನು ಜುಲೈ 16ಕ್ಕೆ ಪೈಪು ತಂದದ್ದೇ ಆ ಲೆಕ್ಕದಲ್ಲಿ! ಅಂಗಡಿಯವರೇ ಹೇಳಿದ್ದರು, ಈಗ ತಗೊಂಡರೆ ಒಂದೂವರೆ ತಿಂಗಳು ಆರಾಮ ಅಂತ.

15,095.80 ಈಗಷ್ಟೇ ಕಟ್ಟಿದೆ. ಬಡ್ಡಿ ವಾಪಸ್ ಕೇಳಿದರೆ ಕೊಡುತ್ತಾರಾ ಮೇಡಂ?

---

ಟಿಳಕವಾಡಿ ಲೆಕ್ಕ | ಸೆಪ್ಟೆಂಬರ್ 14

ಹಕ್ಕಿನಿಂದ ಕೇಳಲು ಬರುವುದಿಲ್ಲ, ಮರ್ಜಿಯ ಮೇಲೆ ಕೇಳಬಹುದು. ಇದೇ ಮೊದಲ ಸಲ, ಎರಡೇ ದಿನ ತಡ, ಪೂರ್ತಿ ಕಟ್ಟಿದ್ದೀನಿ ಅಂತ ಕಸ್ಟಮರ್ ಕೇರ್‌ಗೆ ಬರೆಯಿರಿ. ಹಳೆಯ ಗ್ರಾಹಕರಿಗೆ ಒಮ್ಮೊಮ್ಮೆ ಬಡ್ಡಿ ಬಿಡುತ್ತಾರೆ. ಓಂಬುಡ್ಸ್‌ಮನ್ ತನಕ ಹೋಗುವ ಕೇಸ್ ಇದಲ್ಲ, ಲೆಕ್ಕ ಸರಿ ಇದೆ.

ಅದಕ್ಕಿಂತ ಉಪಯೋಗದ್ದು ಇನ್ನೊಂದಿದೆ. ಬಿಲ್ ದಿನಾಂಕವನ್ನು ಕಡೇ ಪಕ್ಷ ಒಂದು ಸಲವಾದರೂ ಬದಲಿಸಿಕೊಳ್ಳುವ ಅವಕಾಶವನ್ನು ಬ್ಯಾಂಕು ಕೊಡಲೇಬೇಕು, ಇದೂ ರಿಸರ್ವ್ ಬ್ಯಾಂಕ್ ನಿಯಮ. ನಿಮಗೆ ದುಡ್ಡು ಸಾಮಾನ್ಯವಾಗಿ ಯಾವಾಗ ಬರುತ್ತದೆ?

---

ತಿಕೋಟಾ ತೋಟ | ಸೆಪ್ಟೆಂಬರ್ 14

ದಲಾಲಿ ಅಂಗಡಿಯವರು ತಿಂಗಳ ಮೊದಲ ವಾರದಲ್ಲಿ ಹಾಕುತ್ತಾರೆ. 1 ಅಂತಾರೆ, 5 ಆಗುತ್ತದೆ.

---

ಟಿಳಕವಾಡಿ ಲೆಕ್ಕ | ಸೆಪ್ಟೆಂಬರ್ 14

ಹಾಗಾದರೆ ಕೊನೆಯ ದಿನ 10ರ ಸುಮಾರಿಗೆ ಬೀಳುವ ಹಾಗೆ ಬಿಲ್ ದಿನವನ್ನು 20ರ ಆಸುಪಾಸಿಗೆ ಕೇಳಿ. ಬದಲಿಸುವ ತಿಂಗಳಲ್ಲಿ ಬಿಲ್ ಅವಧಿ ಉದ್ದವೋ ಗಿಡ್ಡವೋ ಆಗುತ್ತದೆ. ಆ ಒಂದು ಸಲ ಬಿಲ್ಲಿನಲ್ಲಿ ಅಚ್ಚಾದ ಕೊನೆಯ ದಿನವನ್ನೇ ನೋಡಿ ಕಟ್ಟಿ, ಹಳೆಯ ನೆನಪಿನ ಮೇಲೆ ಹೋಗಬೇಡಿ.

---

ತಿಕೋಟಾ ತೋಟ | ಅಕ್ಟೋಬರ್ 13

ಅಪ್‌ಡೇಟ್ ಹಾಕುತ್ತಿದ್ದೇನೆ. ನಿನ್ನೆ ಬಿಲ್ ಬಂತು: ಬಡ್ಡಿ 27.62, ಜಿಎಸ್‌ಟಿ 4.97. ಮೇಡಂ ಹೇಳಿದ ಎರಡು ದಿನದ ಚೂರು. ಒಟ್ಟು 32.59, ಕೂಡಲೇ ಕಟ್ಟಿದೆ. ಈ ತಿಂಗಳು ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ಖರ್ಚೆಲ್ಲ ನಗದಿನಲ್ಲೇ ಮಾಡಿದೆ, ಕಾರ್ಡ್ ಕಪಾಟಿನಲ್ಲಿತ್ತು.

ಬಿಲ್ ದಿನಾಂಕ 20ಕ್ಕೆ ಬದಲಿಸಲು ಒಪ್ಪಿದ್ದಾರೆ. ಬಡ್ಡಿ ವಾಪಸಿಗೆ ಬರೆದ ಪತ್ರಕ್ಕೆ "ಪರಿಶೀಲನೆಯಲ್ಲಿದೆ" ಅಂತ ಎರಡು ಸಲ ಉತ್ತರ ಬಂದಿದೆ.

---

ಘಟಪ್ರಭಾ ರೈಡರ್ | ಅಕ್ಟೋಬರ್ 13

ಮೂರನೇ ಸಲವೂ ಬರೆಯಿರಿ ಅಣ್ಣಾ. ನನ್ನ ಬ್ಯಾಂಕಿನ ಶರತ್ತು ತೆಗೆದು ಓದಿದೆ. ಮೂರು ದಿನದೊಳಗೆ ಕಟ್ಟಿದರೆ ಬಡ್ಡಿ ಇಲ್ಲ ಅಂತ ಎಲ್ಲೂ ಬರೆದಿಲ್ಲ. ಆದರೂ ನನಗೆ ಹಾಕಿರಲಿಲ್ಲ. ಯಾಕೆ ಅಂತ ಕಸ್ಟಮರ್ ಕೇರ್‌ನಲ್ಲಿ ಕೇಳೋಣ ಅಂದುಕೊಂಡೆ, ಆಮೇಲೆ ಬೇಡ ಅಂತ ಬಿಟ್ಟೆ.